ನಗಿಸುವ ವಿಮೆ: ಕನ್ನಿಂಗ್‌ಹ್ಯಾಮ್ ರಸ್ತೆಯ ಬಂಪರ್, ಕೆ.ಆರ್. ಪುರದ ಮಳೆ

2021ರ ಏಪ್ರಿಲ್‌ನಲ್ಲಿ, ಐಪಿಎಲ್ ಪಂದ್ಯಾವಳಿ ಆರಂಭವಾದ ದಿನವೇ, ಬೆಂಗಳೂರಿನ ಕ್ರೆಡ್ ಎಂಬ ಕಂಪನಿ ಬಿಡುಗಡೆ ಮಾಡಿದ ಜಾಹೀರಾತಿನಲ್ಲಿ ರಾಹುಲ್ ದ್ರಾವಿಡ್ ಟ್ರಾಫಿಕ್ ಜಾಮ್‌ನಲ್ಲಿ ಸಿಕ್ಕಿಕೊಂಡು ಕೂಗಾಡುತ್ತಾರೆ, ಪಕ್ಕದ ಕಾರಿನ ಕನ್ನಡಿಯನ್ನು ಬ್ಯಾಟಿನಿಂದ ಒಡೆಯುತ್ತಾರೆ, ಕೊನೆಗೆ ಕಾರಿನ ಚಾವಣಿಯ ಕಿಂಡಿಯಿಂದ ಎದ್ದು ನಿಂತು ತಾವು ಇಂದಿರಾನಗರದ ಗೂಂಡಾ ಎಂದು ಸಾರುತ್ತಾರೆ. ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವಂಥ ನೀರಸ ವಿಷಯವನ್ನು ಇಡೀ ದೇಶ ಕೆಲವು ದಿನ ಮಾತಾಡುವಂತೆ ಮಾಡಿದ ಆ ಜಾಹೀರಾತು, ಹಣಕಾಸಿನ ಕ್ಷೇತ್ರದಲ್ಲಿಯೂ ನಗೆ ನಡೆಯುತ್ತದೆ ಎಂಬುದಕ್ಕೆ ಇಂದಿಗೂ ಉದಾಹರಣೆಯಾಗಿ ಉಳಿದಿದೆ. ಸುಮಾರು ನಾಲ್ಕು ವರ್ಷದ ನಂತರ, 2025ರ ಫೆಬ್ರವರಿ 4ರ ಸಂಜೆ, ದಂಡು ಪ್ರದೇಶದ ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿ ಅದೇ ದ್ರಾವಿಡ್ ಅವರ ಕಾರಿಗೆ ಸರಕು ಸಾಗಿಸುವ ಆಟೊ ತಾಗಿ, ಅವರಿಗೂ ಆಟೊ ಚಾಲಕರಿಗೂ ನಡೆದ ಮಾತಿನ ಚಕಮಕಿಯನ್ನು ಯಾರೋ ಮೊಬೈಲಿನಲ್ಲಿ ಚಿತ್ರಿಸಿಕೊಂಡರು. ಹಳೆಯ ಜಾಹೀರಾತಿನ ಮಾತು ಮತ್ತೆ ಜನರ ಬಾಯಿಗೆ ಬಂದಿತು, ಮೀಮ್‌ಗಳು ಹರಿದಾಡಿದವು, ಪೊಲೀಸರಿಗೆ ಮಾತ್ರ ಯಾವ ದೂರೂ ಬರಲಿಲ್ಲ.

ವಾಹನ ವಿಮೆ ಮಾರುವ ಕಂಪನಿಯ ಪ್ರಚಾರ ವಿಭಾಗಕ್ಕೆ ಎರಡನೆಯ ಘಟನೆ ತಾನಾಗಿಯೇ ಕೈಗೆ ಬಂದ ಸರಕಿನಂತೆ ಕಾಣುವುದು ಸಹಜ, ಏಕೆಂದರೆ ಅದರಲ್ಲಿ ಪರಿಚಿತ ಮುಖ, ಪರಿಚಿತ ರಸ್ತೆ, ಪರಿಚಿತ ಜಗಳ ಮತ್ತು ವಿಮೆಯ ವ್ಯಾಪ್ತಿಗೆ ಬರುವ ಒಂದು ತಾಗುವಿಕೆ ನಾಲ್ಕೂ ಇವೆ. ಆದರೂ ಅದನ್ನು ಬಳಸಬಾರದು, ಮತ್ತು ಏಕೆ ಬಳಸಬಾರದು ಎಂಬುದನ್ನು ಬಿಡಿಸಿ ನೋಡಿದರೆ ಈ ಕ್ಷೇತ್ರದಲ್ಲಿ ನಗೆಗಿರುವ ಜಾಗ ಸರಿಯಾಗಿ ಅರ್ಥವಾಗುತ್ತದೆ. ಮೀಮ್ ಎಂದರೆ ಜನರಿಗೆ ಆಗಲೇ ಗೊತ್ತಿರುವ ಒಂದು ಚಿತ್ರ, ದೃಶ್ಯ ಅಥವಾ ಮಾತನ್ನು ಹೊಸ ಸಂದರ್ಭಕ್ಕೆ ಜೋಡಿಸಿ, ನೋಡಿದವರು ಇದು ತಮ್ಮದೇ ಕಥೆ ಎಂದು ಗುರುತಿಸುವಂತೆ ಮಾಡುವ ಪುಟ್ಟ ರಚನೆ. ಅದರ ಬಲವೆಲ್ಲ ಈ ಗುರುತಿಸುವಿಕೆಯಲ್ಲಿದೆ. ಜಾಹೀರಾತಿನಲ್ಲಿ ದ್ರಾವಿಡ್ ಒಪ್ಪಿ, ಸಂಭಾವನೆ ಪಡೆದು, ತಮ್ಮ ಶಾಂತ ಸ್ವಭಾವಕ್ಕೆ ತದ್ವಿರುದ್ಧವಾದ ಪಾತ್ರವೊಂದನ್ನು ಅಭಿನಯಿಸಿದ್ದರು, ಹಾಗಾಗಿ ಅಲ್ಲಿ ನಗೆಪಾಟಲಿಗೆ ಗುರಿಯಾದವರು ಯಾರೂ ಇರಲಿಲ್ಲ. ಕನ್ನಿಂಗ್‌ಹ್ಯಾಮ್ ರಸ್ತೆಯಲ್ಲಿದ್ದದ್ದು ಇಬ್ಬರು ನಿಜವಾದ ವ್ಯಕ್ತಿಗಳ ನಿಜವಾದ ಸಿಟ್ಟು, ಮತ್ತು ಅವರಲ್ಲಿ ಒಬ್ಬರು ದಿನದ ದುಡಿಮೆಯ ನಡುವೆ ಸಿಕ್ಕಿಬಿದ್ದ ಚಾಲಕ, ಅವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ.

ಒಪ್ಪಿಗೆಯ ಈ ಪ್ರಶ್ನೆ ಬರಿಯ ಸೌಜನ್ಯದ್ದಲ್ಲ. 2021ರ ಆಗಸ್ಟ್‌ನಲ್ಲಿ ಪಿ.ವಿ. ಸಿಂಧು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಾಗ, ಅವರೊಂದಿಗೆ ಯಾವ ಒಪ್ಪಂದವೂ ಇಲ್ಲದ ಹಲವು ಕಂಪನಿಗಳು ಅವರ ಚಿತ್ರದೊಂದಿಗೆ ತಮ್ಮ ಲಾಂಛನ ಸೇರಿಸಿ ಅಭಿನಂದನೆ ಹೇಳಿದವು, ಅವರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆ ಕಾನೂನು ಕ್ರಮದ ಎಚ್ಚರಿಕೆ ನೀಡಿತು, ಜಾಹೀರಾತುದಾರರು ತಾವೇ ಕಟ್ಟಿಕೊಂಡ ಸ್ವನಿಯಂತ್ರಣ ಮಂಡಳಿಯ ಸಂಹಿತೆಯೂ ಅನುಮತಿಯಿಲ್ಲದೆ ವ್ಯಕ್ತಿಯೊಬ್ಬರನ್ನು ಬಳಸಿ ಅನುಚಿತ ಲಾಭ ಪಡೆಯುವುದನ್ನು ಒಪ್ಪುವುದಿಲ್ಲ. ಅದಕ್ಕೂ ಮೊದಲು, 2017ರಲ್ಲಿ, ಜಸ್‌ಪ್ರೀತ್ ಬೂಮ್ರಾ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಎಸೆದ ನೋ ಬಾಲ್‌ನ ಚಿತ್ರವನ್ನು ಜೈಪುರದ ಸಂಚಾರಿ ಪೊಲೀಸರು ಗೆರೆ ದಾಟಬೇಡಿ ಎಂಬ ಎಚ್ಚರಿಕೆಗೆ ಬಳಸಿಕೊಂಡಾಗ, ಬೂಮ್ರಾ ನೊಂದು ಪ್ರತಿಕ್ರಿಯಿಸಿದರು, ಪೊಲೀಸರು ತಮ್ಮ ಉದ್ದೇಶ ಅದಾಗಿರಲಿಲ್ಲವೆಂದು ಸಮಜಾಯಿಷಿ ನೀಡಬೇಕಾಯಿತು. ಸಾರ್ವಜನಿಕ ಹಿತದ ಸಂದೇಶವೇ ಹೀಗೆ ಎಡವಬಹುದಾದರೆ, ಪ್ರೀಮಿಯಂ ಸಂಗ್ರಹಿಸುವ ಸಂಸ್ಥೆಗೆ ಇನ್ನೂ ಕಡಿಮೆ ರಿಯಾಯಿತಿ ಸಿಗುತ್ತದೆ, ಏಕೆಂದರೆ ಒಬ್ಬರ ಕೆಟ್ಟ ಗಳಿಗೆಯನ್ನು ತಮಾಷೆ ಮಾಡಿದ ಕಂಪನಿ ತನ್ನ ಕೆಟ್ಟ ಗಳಿಗೆಯಲ್ಲಿ ಹೇಗೆ ನಡೆದುಕೊಂಡೀತು ಎಂದು ಪಾಲಿಸಿದಾರರು ಲೆಕ್ಕ ಹಾಕಿಯೇ ಹಾಕುತ್ತಾರೆ.

ಹಾಗಿದ್ದರೆ ಕನ್ನಿಂಗ್‌ಹ್ಯಾಮ್ ರಸ್ತೆಯ ತಾಗುವಿಕೆಯಿಂದ ವಿಮಾ ಕಂಪನಿ ಏನನ್ನೂ ತೆಗೆದುಕೊಳ್ಳುವಂತಿಲ್ಲವೇ? ವ್ಯಕ್ತಿಗಳನ್ನು ಬಿಟ್ಟು ಸನ್ನಿವೇಶವನ್ನು ತೆಗೆದುಕೊಳ್ಳಬಹುದು, ಮತ್ತು ಅದರಲ್ಲಿ ನಗುವಿಗಿಂತ ಹೆಚ್ಚಿನದು ಸಿಗುತ್ತದೆ. ಹಿಂದಿನಿಂದ ಬಂದ ವಾಹನ ತಾಗಿ ಬಂಪರ್ ಸೀಳುವುದು ಹಲಸೂರು, ಹಳೆ ಮದ್ರಾಸ್ ರಸ್ತೆ, ಟಿನ್ ಫ್ಯಾಕ್ಟರಿ ಕಡೆಯಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಅನುಭವ. ಇಳಿದು ನೋಡುವುದು, ಕೈಯಿಂದ ಒರೆಸಿ ನೋಡುವುದು, ಮನೆಯಲ್ಲಿ ಏನು ಹೇಳುವುದೆಂದು ಯೋಚಿಸುವುದು ಇವೆಲ್ಲ ಯಾರನ್ನೂ ನೋಯಿಸದೆ ನಗಿಸಬಲ್ಲ ವಿವರಗಳು. ಆದರೆ ಆ ಚಿತ್ರದ ಕೆಳಗೆ ಬರುವ ಸಾಲು ಯಾವುದು ಎಂಬಲ್ಲಿ ಕಂಪನಿಯ ಪ್ರಾಮಾಣಿಕತೆ ಪರೀಕ್ಷೆಗೆ ಒಳಗಾಗುತ್ತದೆ. ‘ಚಿಂತೆ ಯಾಕೆ, ಕ್ಲೇಮ್ ಮಾಡಿ’ ಎಂದು ಬರೆಯುವುದು ಮೊದಲು ಹೊಳೆಯುವ ಸಾಲು, ಮತ್ತು ಹಲವು ಸಂದರ್ಭಗಳಲ್ಲಿ ಅದು ಪಾಲಿಸಿದಾರರಿಗೆ ನಷ್ಟ ತರುವ ಸಲಹೆ.

ಇದನ್ನು ಒಂದು ಲೆಕ್ಕದಿಂದ ನೋಡಬಹುದು. ಕಾರಿನ ವಿಮೆಯಲ್ಲಿ ಎರಡು ಭಾಗಗಳಿವೆ: ಬೇರೆಯವರಿಗೆ ಆಗುವ ಹಾನಿಗೆ ಥರ್ಡ್ ಪಾರ್ಟಿ ವಿಮೆ, ಇದು 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಕಡ್ಡಾಯ, ಸ್ವಂತ ಕಾರಿಗೆ ಆಗುವ ಹಾನಿಗೆ ಓನ್ ಡ್ಯಾಮೇಜ್ ವಿಮೆ, ಇದು ಐಚ್ಛಿಕ. ವರ್ಷವಿಡೀ ಕ್ಲೇಮ್ ಮಾಡದವರಿಗೆ ಮುಂದಿನ ವರ್ಷದ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಗೆ ನೋ ಕ್ಲೇಮ್ ಬೋನಸ್ ಎನ್ನುತ್ತಾರೆ, ಅದು ಮೊದಲ ವರ್ಷಕ್ಕೆ ಶೇ 20ರಿಂದ ಆರಂಭವಾಗಿ ಮುಂದಿನ ವರ್ಷಗಳಲ್ಲಿ ಶೇ 25, 35, 45 ಆಗಿ ಐದು ವರ್ಷಕ್ಕೆ ಶೇ 50ಕ್ಕೆ ತಲುಪುತ್ತದೆ, ಮತ್ತು ಒಂದು ಕ್ಲೇಮ್ ಆದೊಡನೆ ಸಾಮಾನ್ಯವಾಗಿ ಸೊನ್ನೆಗೆ ಇಳಿಯುತ್ತದೆ. ಇಂದಿರಾನಗರದ ಒಬ್ಬ ಕಾರು ಮಾಲೀಕರ ರಿಯಾಯಿತಿರಹಿತ ಓನ್ ಡ್ಯಾಮೇಜ್ ಪ್ರೀಮಿಯಂ 10,000 ರೂಪಾಯಿ ಎಂದೂ, ಅವರು ಶೇ 50ರ ಬೋನಸ್ ಗಳಿಸಿ 5,000 ರೂಪಾಯಿ ಮಾತ್ರ ಕಟ್ಟುತ್ತಿದ್ದಾರೆ ಎಂದೂ ಭಾವಿಸೋಣ. ಬಂಪರ್ ಬದಲಿಸಲು 5,000, ಕೂಲಿ ಮತ್ತಿತರ ಕೆಲಸಕ್ಕೆ 3,000, ಒಟ್ಟು 8,000 ರೂಪಾಯಿಯ ಬಿಲ್ಲನ್ನು ಗ್ಯಾರೇಜ್ ಕೊಡುತ್ತದೆ.

ಪ್ಲಾಸ್ಟಿಕ್ ಬಿಡಿಭಾಗಗಳ ಮೇಲೆ ಶೇ 50ರಷ್ಟು ಸವಕಳಿ ಕಳೆಯುವುದು ಸಾಮಾನ್ಯ ಪಾಲಿಸಿಯ ನಿಯಮವಾದ್ದರಿಂದ ಬಂಪರ್‌ಗೆ 2,500 ರೂಪಾಯಿ ಮಾತ್ರ ಲೆಕ್ಕಕ್ಕೆ ಬರುತ್ತದೆ. ಉಳಿದ 5,500ರಲ್ಲಿ, 1500 ಸಿಸಿವರೆಗಿನ ಕಾರಿನ ಮಾಲೀಕರು ಪ್ರತಿ ಕ್ಲೇಮಿನಲ್ಲಿಯೂ ತಾವೇ ಹೊರಬೇಕಾದ 1,000 ರೂಪಾಯಿಯನ್ನು ಕಳೆದರೆ, ಕೈಗೆ ಬರುವುದು 4,500 ರೂಪಾಯಿ. ಇನ್ನು ಬಿಟ್ಟುಕೊಟ್ಟದ್ದು ಎಷ್ಟು? ಮೂಲ ಪ್ರೀಮಿಯಂ ಬದಲಾಗದೆ ಉಳಿದು, ಮತ್ತೆ ಯಾವ ಕ್ಲೇಮೂ ಆಗಲಿಲ್ಲವೆಂದುಕೊಂಡರೂ, ಮೊದಲ ವರ್ಷ ಹೆಚ್ಚುವರಿ 5,000, ಎರಡನೆಯ ವರ್ಷ 3,000, ಮೂರನೆಯ ವರ್ಷ 2,500, ನಾಲ್ಕನೆಯ ವರ್ಷ 1,500, ಐದನೆಯ ವರ್ಷ 500, ಒಟ್ಟು 12,500 ರೂಪಾಯಿ. ನಾಲ್ಕೂವರೆ ಸಾವಿರಕ್ಕಾಗಿ ಹನ್ನೆರಡೂವರೆ ಸಾವಿರ ಬಿಟ್ಟುಕೊಟ್ಟ ಹಾಗಾಯಿತು. ಸವಕಳಿ ಕಳೆಯದ ಆಡ್-ಆನ್, ಅಂದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳುವ ಸೌಲಭ್ಯ, ಇದ್ದರೂ ಸಿಗುವುದು 7,000. ಬೋನಸ್ಸನ್ನೇ ಕಾಪಾಡುವ ಇನ್ನೊಂದು ಆಡ್-ಆನ್ ಇದ್ದವರ ಲೆಕ್ಕ ಮಾತ್ರ ಬೇರೆಯಾಗುತ್ತದೆ.

ಆದ್ದರಿಂದ ಆ ಚಿತ್ರದ ಕೆಳಗೆ ‘ಬಂಪರ್ ಸೀಳಿದೆ. ಫೋನ್ ಎತ್ತೋ ಮೊದಲು ಬೋನಸ್ ಲೆಕ್ಕ ನೋಡಿ’ ಎಂದು ಬರೆದ ಕಂಪನಿ ನಗಿಸುವುದರ ಜೊತೆಗೆ, ತನಗೆ ಬರಬೇಕಾದ ಕ್ಲೇಮನ್ನೇ ಬೇಡವೆನ್ನುವ ಅಚ್ಚರಿಯನ್ನೂ ಕೊಡುತ್ತದೆ. ಇಲ್ಲೊಂದು ಎಚ್ಚರ ಅಗತ್ಯ: ಈ ಸಲಹೆ ಕಂಪನಿಯ ಖರ್ಚನ್ನೂ ಉಳಿಸುವುದರಿಂದ, ಲೆಕ್ಕವನ್ನು ಬಿಡಿಸಿ ತೋರಿಸದೆ ಬರೀ ‘ಕ್ಲೇಮ್ ಬೇಡ’ ಎಂದರೆ ಅದು ಕ್ಲೇಮಿನಿಂದ ಜನರನ್ನು ಹೆದರಿಸಿ ಓಡಿಸುವ ತಂತ್ರವಾಗುತ್ತದೆ. ಯಾವ ಮೊತ್ತದ ಮೇಲಾದರೆ ಕ್ಲೇಮ್ ಮಾಡುವುದೇ ಲಾಭ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು, ಮತ್ತು ಯಾರಿಗಾದರೂ ಗಾಯವಾಗಿದ್ದರೆ ಈ ಲೆಕ್ಕ ಅನ್ವಯಿಸುವುದೇ ಇಲ್ಲ, ಆಗ ಪೊಲೀಸರಿಗೂ ವಿಮಾ ಕಂಪನಿಗೂ ತಕ್ಷಣ ತಿಳಿಸಲೇಬೇಕು ಎಂಬುದನ್ನು ಬಿಟ್ಟುಬಿಡಬಾರದು.

ನಗೆಯ ಸಾಲೊಂದು ಹೀಗೆ ಪಾಲಿಸಿಯ ಷರತ್ತುಗಳ ಪಕ್ಕದಲ್ಲಿ ಇಟ್ಟು ನೋಡಬೇಕಾದ ಸಾಲಾಗುವುದು ವಿಮೆಯ ವಿಶೇಷ. ಬಿಸ್ಕತ್ತು ಮಾರುವವರು ಉತ್ಪ್ರೇಕ್ಷೆ ಮಾಡಿದರೆ ಯಾರೂ ಅದನ್ನು ಭರವಸೆ ಎಂದು ತಿಳಿಯುವುದಿಲ್ಲ, ವಿಮೆಯಲ್ಲಾದರೋ ಮಾರುವ ವಸ್ತುವೇ ಒಂದು ಭರವಸೆಯಾದ್ದರಿಂದ ಉತ್ಪ್ರೇಕ್ಷೆಯೂ ಅದರ ಭಾಗವಾಗಿ ಕೇಳಿಸುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ತನ್ನ ಜಾಹೀರಾತು ನಿಯಮಗಳಲ್ಲಿ ದಾರಿ ತಪ್ಪಿಸುವ ಜಾಹೀರಾತು ಯಾವುದೆಂದು ವಿವರಿಸುವಾಗ, ಪಾಲಿಸಿ ಕೊಡಲಾರದ್ದನ್ನು ಕೊಡುತ್ತದೆಂದು ಹೇಳುವುದು, ಷರತ್ತು ಮತ್ತು ಹೊರತುಗಳನ್ನು ಮರೆಮಾಡುವುದು, ಇದು ವಿಮೆಯೆಂಬುದನ್ನೇ ಸ್ಪಷ್ಟಪಡಿಸದಿರುವುದು ಮುಂತಾದವನ್ನು ಸೇರಿಸಿದೆ. 2023ರ ತಿದ್ದುಪಡಿಯಲ್ಲಿ ಪ್ರತಿ ವಿಮಾ ಕಂಪನಿಯೂ ಜಾಹೀರಾತು ಸಮಿತಿಯೊಂದನ್ನು ಹೊಂದಿರಬೇಕೆಂದೂ, ಅದರಲ್ಲಿ ಮಾರುಕಟ್ಟೆ ವಿಭಾಗದವರ ಜೊತೆಗೆ ಆಕ್ಚುವರಿ ವಿಭಾಗದವರು, ಅಂದರೆ ಅಪಾಯದ ಸಾಧ್ಯತೆಯನ್ನು ಎಣಿಸಿ ಪ್ರೀಮಿಯಂ ನಿಗದಿಪಡಿಸುವ ಗಣಿತಜ್ಞರು, ಮತ್ತು ನಿಯಮಪಾಲನೆಯ ವಿಭಾಗದವರು ಇರಬೇಕೆಂದೂ ಹೇಳಲಾಯಿತು. 2024ರಲ್ಲಿ ಜಾಹೀರಾತಿನ ನಿಯಮಗಳು ಪಾಲಿಸಿದಾರರ ಹಿತರಕ್ಷಣೆಯ ವಿಶಾಲ ನಿಯಮಾವಳಿಯೊಳಗೆ ಸೇರಿದವು. ಹಾಸ್ಯ ಬರೆಯುವವರು ಇಂಥ ಸಮಿತಿಯನ್ನು ಅಡ್ಡಗಾಲೆಂದು ಕಾಣುವುದುಂಟು, ಆದರೆ ಮೇಲಿನ ಬೋನಸ್ ಲೆಕ್ಕವನ್ನು ಮಾಡಿಕೊಡಬಲ್ಲವರು ಆ ಸಮಿತಿಯಲ್ಲೇ ಇರುತ್ತಾರೆ, ಅವರ ಜೊತೆ ಕುಳಿತು ಬರೆದ ತಮಾಷೆ ಹೆಚ್ಚು ಹರಿತವಾಗಿರುತ್ತದೆ.

ಸಮಿತಿಯ ಕಣ್ಣು ತಪ್ಪಿಸಿ ಹೋಗಬಹುದಾದ ತಪ್ಪುಗಳೂ ಇವೆ. ಟಿನ್ ಫ್ಯಾಕ್ಟರಿಯ ಬಳಿ ವಾಹನಗಳು ತೆವಳುವ ಚಿತ್ರ ಹಾಕಿ, ‘ಈ ಸಿಗ್ನಲ್ ದಾಟೋದ್ರೊಳಗೆ ಪಾಲಿಸಿ ರಿನ್ಯೂ ಮಾಡ್ಬಹುದು’ ಎಂದು ಬರೆದರೆ ಕೆ.ಆರ್. ಪುರದ ಕಡೆಯವರೆಲ್ಲ ನಗುತ್ತಾರೆ, ಆದರೆ ಸ್ಟಿಯರಿಂಗ್ ಹಿಡಿದವರು ಮೊಬೈಲ್ ಮುಟ್ಟುವುದು ಅಪರಾಧ, ಮತ್ತು ಅಪಘಾತದ ನಷ್ಟ ಭರಿಸುವ ಸಂಸ್ಥೆಯೇ ಅದಕ್ಕೆ ಪ್ರೇರಣೆ ಕೊಟ್ಟಂತಾಗುತ್ತದೆ. ಅದೇ ಮಾತನ್ನು ಹಿಂದಿನ ಸೀಟಿನಲ್ಲಿ ಕೂತ ಅಪ್ಪನ ಬಾಯಿಗೋ, ಕೆ.ಆರ್. ಪುರದ ಮೆಟ್ರೊ ನಿಲ್ದಾಣದಲ್ಲಿ ರೈಲಿಗೆ ಕಾಯುವವರ ಕೈಗೋ ಕೊಟ್ಟರೆ ತಮಾಷೆ ಹಾಗೆಯೇ ಉಳಿದು ದೋಷ ಹೋಗುತ್ತದೆ. ನಾಳೆ ಮಾಡಿದರಾಯಿತು ಎಂದು ಮುಂದೂಡುವ ಸ್ವಭಾವ ವಿಮೆಯಲ್ಲಿ ನಗುವಿಗೆ ಅತ್ಯಂತ ಯೋಗ್ಯವಾದ ವಸ್ತು, ಏಕೆಂದರೆ ಅಲ್ಲಿ ಯಾರಿಗೂ ಇನ್ನೂ ನಷ್ಟವಾಗಿರುವುದಿಲ್ಲ ಮತ್ತು ಎಲ್ಲರೂ ಸಮಾನವಾಗಿ ತಪ್ಪಿತಸ್ಥರು. ಪಾಲಿಸಿಯ ಅವಧಿ ಮುಗಿದು 90 ದಿನ ಕಳೆದರೆ ಗಳಿಸಿದ ಬೋನಸ್ ಹೋಗುತ್ತದೆ ಎಂಬ ಖಚಿತ ಸಂಗತಿಯೂ ಆ ನಗುವಿನ ಬೆನ್ನಿಗೆ ನಿಲ್ಲುತ್ತದೆ.

ಕ್ರೆಡ್‌ನ ಜಾಹೀರಾತನ್ನೇ ವಿಮಾ ಕಂಪನಿಯೊಂದು ಮಾಡಿದ್ದರೆ ಏನಾಗುತ್ತಿತ್ತು ಎಂದು ಇಲ್ಲಿ ಕೇಳಿಕೊಳ್ಳುವುದು ಉಪಯುಕ್ತ. ಒಡೆದ ಕನ್ನಡಿಯ ಮೇಲೆ ಯಾರೋ ಕ್ಲೇಮ್ ಸಲ್ಲಿಸಬೇಕು; ಅನ್ಯರು ದುರುದ್ದೇಶದಿಂದ ಮಾಡಿದ ಹಾನಿ ಸಮಗ್ರ ಪಾಲಿಸಿಯಲ್ಲಿ ಒಳಗೊಳ್ಳುವುದರಿಂದ ಆ ಕಾರಿನ ಮಾಲೀಕರಿಗೆ ಹಣ ಸಿಗಬಹುದು, ಸಿಟ್ಟಿನಲ್ಲಿ ತನ್ನದೇ ಕಾರನ್ನು ಬೇಕೆಂದೇ ಜಖಂ ಮಾಡಿಕೊಂಡವರಿಗೆ ಸಿಗುವುದಿಲ್ಲ. ಬಿಲ್ ಕಟ್ಟಿಸುವ ಸಂಸ್ಥೆಗೆ ಬ್ಯಾಟು ಬರೀ ಬ್ಯಾಟು, ವಿಮಾ ಕಂಪನಿಯ ಕೈಯಲ್ಲಿ ಅದು ರಸ್ತೆ ಜಗಳಕ್ಕೆ ಕೊಟ್ಟ ಪ್ರೋತ್ಸಾಹವಾಗಿ ಓದಿಸಿಕೊಳ್ಳುತ್ತದೆ. ಒಂದು ಕ್ಷೇತ್ರದಲ್ಲಿ ಗೆದ್ದ ತಮಾಷೆಯನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಕೊಂಡು ಬರುವವರು ಈ ವ್ಯತ್ಯಾಸವನ್ನು ಗಮನಿಸುವುದಿಲ್ಲ.

ಮಳೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಅಳತೆ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಪೂರ್ವಭಾಗ ಮತ್ತು ಹೊರವರ್ತುಲ ರಸ್ತೆಯ ಬಡಾವಣೆಗಳು ನೀರಿನಲ್ಲಿ ಮುಳುಗಿದಾಗ, ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದ ಸಾಫ್ಟ್‌ವೇರ್ ನೌಕರರ ಚಿತ್ರಗಳು ದೇಶದ ತುಂಬ ಮೀಮ್ ಆದವು. ಸಂಕಷ್ಟದಲ್ಲಿದ್ದವರೇ ತಮ್ಮ ಸಂಕಷ್ಟವನ್ನು ನೋಡಿ ನಗುತ್ತಿದ್ದರು, ಅದಕ್ಕೆ ಅವರಿಗೆ ಅಧಿಕಾರವಿತ್ತು. ಅದೇ ನೀರಿನಲ್ಲಿ ನಿಂತ ಕಾರಿನ ಕ್ಲೇಮನ್ನು ತಿರಸ್ಕರಿಸಬಹುದಾದ ಸಂಸ್ಥೆಗೆ ಆ ಅಧಿಕಾರ ಇರಲಿಲ್ಲ. ತಿರಸ್ಕಾರದ ಮಾತು ಸುಮ್ಮನೆ ಹೇಳಿದ್ದಲ್ಲ. ಪ್ರವಾಹದ ಹಾನಿ ಸಮಗ್ರ ಪಾಲಿಸಿಯಲ್ಲಿ ಸೇರಿದ್ದರೂ, ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡಿದಾಗ ಗಾಳಿ ಎಳೆದುಕೊಳ್ಳುವ ಕೊಳವೆಯ ಮೂಲಕ ನೀರು ಸಿಲಿಂಡರ್‌ಗೆ ನುಗ್ಗುತ್ತದೆ, ಗಾಳಿಯಂತೆ ನೀರು ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ನಡುದಾರಿಯಲ್ಲಿ ತಡೆದು ನಿಂತು ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಂಜಿನ್ ಕೆಡುತ್ತದೆ. ಇದು ಪ್ರವಾಹ ನೇರವಾಗಿ ಮಾಡಿದ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರ ಪರಿಣಾಮ ಎಂದು ವಾದಿಸಿ ಕಂಪನಿಗಳು ಕ್ಲೇಮ್ ನಿರಾಕರಿಸುತ್ತವೆ. ಇಂಜಿನ್ ರಕ್ಷಣೆಯ ಆಡ್-ಆನ್ ಇದ್ದವರಿಗೆ ಪರಿಹಾರ ಸಿಗುವ ಸಾಧ್ಯತೆ ಇದೆ, ಆದರೆ ಮತ್ತೆ ಮತ್ತೆ ಕೀಲಿ ತಿರುಗಿಸಿದ್ದು ಪತ್ತೆಯಾದರೆ ಅಲ್ಲಿಯೂ ತೊಡಕಾಗಬಹುದು.

ಹಾಗಾಗಿ ಮಳೆಗಾಲದ ಹಾಸ್ಯಕ್ಕೆ ಸರಿಯಾದ ವಸ್ತು ನೀರು ನಿಂತ ರಸ್ತೆಯಲ್ಲ, ಒಮ್ಮೆ ಕೀಲಿ ತಿರುಗಿಸಿಯೇ ನೋಡೋಣ ಎನ್ನುವ ಕೈ. ‘ಸ್ಟಾರ್ಟ್ ಆಗುತ್ತಾ ನೋಡ್ತೀನಿ ಅನ್ನೋ ಭಾವನಿಗೆ ಇದನ್ನ ಕಳಿಸಿ. ನೀರಲ್ಲಿ ನಿಂತ ಗಾಡೀನ ತಳ್ಳಿ, ಕೀಲಿ ತಿರುಗಿಸಬೇಡಿ’ ಎಂಬ ಎರಡು ಸಾಲು ಮಳೆಗಾಲಕ್ಕೆ ಮೊದಲೇ, ಮೇ ತಿಂಗಳ ಆರಂಭದಲ್ಲಿ ಬಂದರೆ, ಮನೆಮನೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ತಾನಾಗಿಯೇ ಹರಡಿ ಕೆಲವು ಇಂಜಿನ್‌ಗಳನ್ನಾದರೂ ಉಳಿಸುತ್ತದೆ. ನೀರು ಬಂದ ದಿನ ಅದೇ ಮಾಹಿತಿಯನ್ನು ತಮಾಷೆ ತೆಗೆದು, ನೆರವಿನ ದೂರವಾಣಿ ಸಂಖ್ಯೆಯೊಂದಿಗೆ ನೇರವಾಗಿ ಹೇಳಬೇಕು.

ದಿನಾಂಕಕ್ಕೆ ಇಷ್ಟು ತೂಕ ಏಕೆಂಬುದಕ್ಕೆ ನಗರದ ಇತ್ತೀಚಿನ ನೆನಪೇ ಸಾಕ್ಷಿ. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಸಿಕ್ಕ ಕಾರಿನಲ್ಲಿದ್ದ ಯುವತಿಯೊಬ್ಬರು ಮೃತಪಟ್ಟರು. 2024ರ ಅಕ್ಟೋಬರ್‌ನಲ್ಲಿ ಹೊರಮಾವು ಭಾಗದ ಸಾಯಿ ಲೇಔಟ್ ಜಲಾವೃತವಾಗಿದ್ದ ಆ ಮಳೆಯಲ್ಲೇ, ಸಮೀಪದ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಇಂಥ ದಿನಗಳಲ್ಲಿ ಮೊದಲೇ ಸಮಯ ಗೊತ್ತುಪಡಿಸಿ ಇಟ್ಟ ಪೋಸ್ಟ್‌ಗಳು ಯಾರೂ ಗಮನಿಸದೆ ತಾವಾಗಿಯೇ ಹೊರಬೀಳುವುದು ದೊಡ್ಡ ಅಪಾಯ: ಒಂದು ವಾರ ಮೊದಲು ಬರೆದ, ಆಗ ನಿರಪಾಯವಾಗಿದ್ದ ಅಂಡರ್‌ಪಾಸ್ ತಮಾಷೆ, ಸಾವಿನ ಸುದ್ದಿಯ ಕೆಳಗೆ ಬಂದು ಕೂರುತ್ತದೆ. ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ನಗರದ ಸುದ್ದಿ ಓದಿ, ಯಾರ ಅನುಮತಿಗೂ ಕಾಯದೆ ಎಲ್ಲ ಪೋಸ್ಟ್‌ಗಳನ್ನು ತಡೆಹಿಡಿಯುವ ಅಧಿಕಾರವುಳ್ಳ ಒಬ್ಬರು ಇರಲೇಬೇಕು, ಮತ್ತು ಅವರು ಬೆಂಗಳೂರಿನ ಬಡಾವಣೆಗಳ ಹೆಸರು ಕೇಳಿದೊಡನೆ ಜಾಗ ಗುರುತಿಸುವವರಾಗಿರಬೇಕು. ಮುಂಬೈಯಲ್ಲೋ ಗುರುಗ್ರಾಮದಲ್ಲೋ ಕುಳಿತವರಿಗೆ ಬಾಬುಸಾಪಾಳ್ಯ ಎಲ್ಲಿದೆಯೆಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ.

ಸ್ಥಳೀಯತೆಗೆ ಇನ್ನೊಂದು ಮುಖವೂ ಇದೆ. ಶಿವಾಜಿನಗರದ ಗುಜರಿ ಅಂಗಡಿಗಳು ಹಳೆಯ ವಾಹನಗಳ ಬಿಡಿಭಾಗಗಳಿಗೆ ಹೆಸರಾದವು, ಕಳುವಾದ ಬೈಕು ಅಲ್ಲಿ ಬಿಡಿಭಾಗಗಳಾಗಿ ಸಿಗುತ್ತದೆ ಎಂಬ ಹಳೆಯ ಚಟಾಕಿ ನಗರದಲ್ಲಿ ಇನ್ನೂ ಓಡಾಡುತ್ತದೆ. ವಾಹನ ಕಳವಿನ ವಿಮೆ ಮಾರುವವರಿಗೆ ಅದು ಸುಲಭದ ಸರಕು. ಅದನ್ನು ಕಂಪನಿಯೊಂದು ತನ್ನ ಹೆಸರಿನಲ್ಲಿ ಹೇಳಿದ ಮರುಕ್ಷಣ, ತಲೆಮಾರುಗಳಿಂದ ಗೇರ್‌ಬಾಕ್ಸ್ ಬಿಚ್ಚಿ, ತಿಕ್ಕಿ, ನ್ಯಾಯವಾಗಿ ಮಾರಿ ಬದುಕುತ್ತಿರುವ ಕುಟುಂಬಗಳ ಮೇಲೆ, ಮತ್ತು ಆ ಬಡಾವಣೆಯಲ್ಲಿ ಬಹುಸಂಖ್ಯೆಯಲ್ಲಿರುವ ಮುಸ್ಲಿಮರ ಮೇಲೆ, ಕಳ್ಳತನದ ಆರೋಪ ಹೊರಿಸಿದಂತಾಗುತ್ತದೆ. ಈ ಅಂಗಡಿಯವರೂ ವಾಹನ ಇಟ್ಟುಕೊಂಡವರು, ಅವರಿಗೂ ಬೆಂಕಿಯ ಭಯ, ಕಾಯಿಲೆಯ ಭಯ ಇದೆ. 2012ರ ಫೆಬ್ರವರಿಯಲ್ಲಿ ರಸೆಲ್ ಮಾರುಕಟ್ಟೆಗೆ ಬೆಂಕಿ ಬಿದ್ದು ಸಾಲುಸಾಲು ಮಳಿಗೆಗಳು ಸುಟ್ಟದ್ದನ್ನು ಅವರಲ್ಲಿ ಅನೇಕರು ಕಣ್ಣಾರೆ ಕಂಡಿದ್ದಾರೆ. ಒಂದು ಊರಿನ ಜನ ತಮ್ಮ ರಸ್ತೆಯನ್ನು, ತಮ್ಮ ಜಾಮನ್ನು ನೋಡಿ ನಗುವಂತೆ ಬರೆಯುವುದು ಸಾಧ್ಯ ಮತ್ತು ಸೊಗಸು, ಅಕ್ಕಪಕ್ಕದ ಬಡಾವಣೆಯವರನ್ನು ನೋಡಿ ನಗುವಂತೆ ಬರೆಯುವುದು ವಿಮೆಯ ಮೂಲತತ್ತ್ವಕ್ಕೇ ವಿರುದ್ಧ, ಏಕೆಂದರೆ ಎಲ್ಲರ ಪ್ರೀಮಿಯಂ ಒಂದೇ ನಿಧಿಗೆ ಬಂದು ಕಷ್ಟಕ್ಕೆ ಸಿಕ್ಕ ಕೆಲವರಿಗೆ ಹೋಗುವ ವ್ಯವಸ್ಥೆಯದು.

ಜೀವ ವಿಮೆಯಲ್ಲಿ ನಗೆಗೆ ಜಾಗ ಇನ್ನೂ ಕಿರಿದು. ಎಂ.ಜಿ. ರಸ್ತೆಯ ರಹೇಜಾ ಟವರ್ಸ್‌ನಲ್ಲಿ ನೋಂದಾಯಿತ ಕಚೇರಿ ಹೊಂದಿರುವ ಪಿಎನ್‌ಬಿ ಮೆಟ್‌ಲೈಫ್‌ನ ಅಮೆರಿಕದ ಪಾಲುದಾರ ಸಂಸ್ಥೆ ಮೆಟ್‌ಲೈಫ್, 1985ರಿಂದ 2016ರವರೆಗೆ, ಪೀನಟ್ಸ್ ವ್ಯಂಗ್ಯಚಿತ್ರದ ಸ್ನೂಪಿ ಎಂಬ ನಾಯಿಯನ್ನು ಪರವಾನಗಿ ಪಡೆದು ತನ್ನ ಪ್ರಚಾರದ ಮುಖವಾಗಿ ಬಳಸಿತು. ಸಾವನ್ನು ನೆನಪಿಸದೆ, ಕಂಪನಿಯ ಗಡಸುತನವನ್ನು ಮಾತ್ರ ಮೃದುಗೊಳಿಸುವ ಈ ಸೌಮ್ಯ ಹಾಸ್ಯ ಮೂರು ದಶಕ ನಡೆಯಿತು ಎಂಬುದು ಗಮನಾರ್ಹ. ಇದಕ್ಕೆ ವಿರುದ್ಧವಾಗಿ, 2025ರ ಆರಂಭದಲ್ಲಿ ಪ್ರಸಾರವಾದ ಅವಧಿ ವಿಮೆಯ ಒಂದು ಜಾಹೀರಾತು, ವಿಮೆ ಮಾಡಿಸದೆ ತೀರಿಕೊಂಡ ಗಂಡನನ್ನು ಹೆಂಡತಿ ಆಕ್ಷೇಪಿಸುವಂತೆ ಚಿತ್ರಿಸಿ ವ್ಯಾಪಕ ಟೀಕೆಗೆ ಒಳಗಾಯಿತು. ಅದು ಹಾಸ್ಯವಲ್ಲದಿದ್ದರೂ, ಸತ್ತವರನ್ನು ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಿಸಿದರೆ ಜನ ಹೇಗೆ ಸ್ವೀಕರಿಸುತ್ತಾರೆ ಎಂಬುದನ್ನು ತೋರಿಸಿತು.

ಆದರೂ ಜೀವ ವಿಮೆಯಲ್ಲಿ ನಗು ಸಲ್ಲುವ ಒಂದು ಜಾಗವಿದೆ, ಅದು ಪ್ರಪೋಸಲ್ ಫಾರ್ಮ್, ಅಂದರೆ ಪಾಲಿಸಿ ಕೊಳ್ಳುವ ಮೊದಲು ತುಂಬುವ ಅರ್ಜಿ. ಸಿಗರೇಟು ಸೇದುತ್ತೀರಾ ಎಂಬ ಪ್ರಶ್ನೆಗೆ ಇಲ್ಲವೆಂದು ಬರೆಯುವವರ ಸಂಖ್ಯೆ ಸಣ್ಣದಲ್ಲ, ಹಾಗೆ ಮರೆಮಾಚಿದ ಸಂಗತಿ ಹೊರಬಿದ್ದರೆ ಕ್ಲೇಮ್ ನಿಲ್ಲಬಹುದು. 1938ರ ವಿಮಾ ಕಾಯ್ದೆಯ 45ನೆಯ ಕಲಮಿನ ಈಗಿನ ರೂಪದ ಪ್ರಕಾರ ಮೂರು ವರ್ಷ ಕಳೆದ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ, ಆ ಮೂರು ವರ್ಷಗಳೊಳಗೆ ಸಾವು ಸಂಭವಿಸಿದರೆ ಮಾತ್ರ ಸುಳ್ಳಿನ ಬೆಲೆಯನ್ನು ಹೆಂಡತಿ ಮಕ್ಕಳು ತೆರಬೇಕಾಗುತ್ತದೆ. ಹಲಸೂರಿನ ಯಾವುದೋ ಟೀ ಅಂಗಡಿಯ ಹಿಂದೆ ನಿಂತು, ಬಾಯಿಗೆ ಏಲಕ್ಕಿ ಹಾಕಿಕೊಂಡು, ಅಂಗಿ ಝಾಡಿಸಿಕೊಳ್ಳುವ ಮಗನ ಚಿತ್ರದ ಕೆಳಗೆ ‘ಅಮ್ಮನಿಗೆ ಗೊತ್ತಿಲ್ಲ, ಸರಿ. ಪ್ರಪೋಸಲ್ ಫಾರ್ಮ್‌ಗೆ ಗೊತ್ತಿರಲಿ’ ಎಂದು ಬರೆದರೆ, ಸಾವಿನ ಹೆಸರೆತ್ತದೆಯೇ ಜೀವ ವಿಮೆಯ ಅತ್ಯಂತ ಮುಖ್ಯವಾದ ಷರತ್ತು ಮನಸ್ಸಿಗೆ ಇಳಿಯುತ್ತದೆ. ಸಿನಿಮಾದ ದೃಶ್ಯವೊಂದನ್ನು ಕತ್ತರಿಸಿ ಅಂಟಿಸುವ ಬದಲು ಹೀಗೆ ತಮ್ಮದೇ ಚಿತ್ರ ತೆಗೆಸುವುದು ಕಾನೂನಿನ ದೃಷ್ಟಿಯಿಂದಲೂ ಕ್ಷೇಮ, ಏಕೆಂದರೆ ಅಭಿಮಾನಿಗಳು ಹಂಚಿಕೊಂಡಾಗ ಸುಮ್ಮನಿರುವ ಹಕ್ಕುದಾರರು ಕಂಪನಿಯ ಜಾಹೀರಾತಿನಲ್ಲಿ ಅದೇ ದೃಶ್ಯ ಕಂಡರೆ ಸುಮ್ಮನಿರಬೇಕಾಗಿಲ್ಲ.

ಪೋಸ್ಟ್ ಹೊರಬಿದ್ದ ಮೇಲೆ ಅದು ಕೆಟ್ಟಿದೆಯೋ ಇಲ್ಲವೋ ಎಂಬುದು ಮೆಚ್ಚುಗೆಯ ಸಂಖ್ಯೆಯಿಂದ ತಿಳಿಯುವುದಿಲ್ಲ, ಕೆಳಗಿನ ಪ್ರತಿಕ್ರಿಯೆಗಳಿಂದ ತಿಳಿಯುತ್ತದೆ. ಬೋನಸ್ಸಿನ ಲೆಕ್ಕ ಕೇಳುವವರು, ಅಣ್ಣನನ್ನೋ ಭಾವನನ್ನೋ ಕರೆದು ತೋರಿಸುವವರು ಹೆಚ್ಚಿದ್ದರೆ ತಮಾಷೆ ತಲುಪಿದೆ. ಅದರ ಬದಲು ‘ತಿಂಗಳಾಯಿತು, ನನ್ನ ಕ್ಲೇಮ್ ಎಲ್ಲಿದೆ’ ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತಿದ್ದರೆ, ದೋಷ ಮೀಮಿನದ್ದಲ್ಲದಿದ್ದರೂ ಅದನ್ನು ಅಲ್ಲಿಗೆ ನಿಲ್ಲಿಸಿ ಕ್ಲೇಮ್ ವಿಭಾಗದ ಕೆಲಸ ಮೊದಲು ನಡೆಯಬೇಕು. ಅಂಥವರಿಗೆ ಚಟಾಕಿಯ ಧಾಟಿಯಲ್ಲಿ ಉತ್ತರಿಸುವಂತಿಲ್ಲ, ಪಾಲಿಸಿ ಸಂಖ್ಯೆಯನ್ನು ಎಲ್ಲರೆದುರು ಕೇಳುವಂತಿಲ್ಲ. ಖಾಸಗಿ ಸಂದೇಶದಲ್ಲಿ ವಿವರ ಪಡೆದು, ಸರ್ವೇಯರ್, ಅಂದರೆ ಹಾನಿಯ ಮೌಲ್ಯ ಅಂದಾಜು ಮಾಡುವ ಪರವಾನಗಿದಾರ, ಯಾವ ದಿನ ಬರುತ್ತಾರೆಂದೋ, ಯಾವ ಕಾಗದಪತ್ರ ಬಾಕಿಯಿದೆಯೆಂದೋ ಖಚಿತವಾಗಿ ಹೇಳಬೇಕು, ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಐಆರ್‌ಡಿಎಐನ ಬಿಮಾ ಭರೋಸಾ ಜಾಲತಾಣ ಮತ್ತು ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗುವ ದಾರಿಯನ್ನೂ ತಿಳಿಸಬೇಕು. ಇದೆಲ್ಲ ಸಾಧ್ಯವಾಗಬೇಕಾದರೆ ಪ್ರತಿಕ್ರಿಯೆಗಳಿಗೆ ಉತ್ತರಿಸುವ ಸಿಬ್ಬಂದಿ ಕ್ಲೇಮ್ ವಿಭಾಗದವರನ್ನು ನೇರವಾಗಿ ಸಂಪರ್ಕಿಸುವ ಏರ್ಪಾಡು ಮೀಮ್ ಪ್ರಕಟವಾಗುವ ಮೊದಲೇ ಆಗಿರಬೇಕು.